ಸೂಟು ತೆಗೆದ ಮೇಲೆ

ನಮ್ಮ ಮನೆಗೂ ಬಾಜೂ ಮನೆಗೂ ನಡುವೆ ಒಂದು ಜಾಲಿಮುಳ್ಳಿನ ಬೇಲಿ. ನಡುವೊಂದು ಕಡೆ ಮುಳ್ಳು ಸವೆದು ಮೊಣಕೈ ಊರುವಷ್ಟು ಕಂಡಿ ಬಿದ್ದಿದೆ. ಚಂದ್ರಬಂಡದ ಮುಖ್ಯ ಸುದ್ದಿಗಳೆಲ್ಲ ಆ ಕಂಡಿಯಿಂದಲೇ ಆಚೀಚೆ ಓಡಾಡುತ್ತವೆ. ಸಂಕ್ರಮಣದ ಮರುದಿನ ಬೆಳಿಗ್ಗೆ ನಾನು ಚಾ ಹಿಡಿದು ಅಲ್ಲಿ ನಿಂತಾಗ ಆ ಕಡೆ ಕಟ್ಟೆಯ ಮೇಲೆ ಬಾಜೂ ಮನೆಯ ಅಕ್ಕನ ಮೂವರೂ ಮಕ್ಕಳು ಸಾಲಾಗಿ ಕುಂತಿದ್ದರು. ಅಪರೂಪದ ನೋಟ. ಹಿರಿಯವ ಬೆಂಗಳೂರಿನಲ್ಲಿ ಬಾಡಿಗೆ ಆಟೊ ಓಡಿಸುತ್ತಾನೆ. ಕಿರಿಯವ ರಾಯಚೂರಿನಲ್ಲಿ ಬೈಕ್ ಮೇಲೆ ಊಟ ಹಂಚುತ್ತಾನೆ. ನಡುವಿನ ಮಗಳು ಬಿಸಿಎ ಮುಗಿಸಿ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕುಂತು ದೂರದೇಶದವರ ಕೆಲಸ ಮಾಡಿಕೊಡುತ್ತಾಳೆ.

ಮೂವರೂ ಮೊಬೈಲ್ ಹಿಡಿದು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಜಗಳ ಅಂತ ತಿಳಿದೆ. ಜಗಳವೇ, ಆದರೆ ಯಾರು ಹೆಚ್ಚು ಗಳಿಸುತ್ತಾರೆ ಅನ್ನೋದರ ಮೇಲೆ.

"ಮಾಮಾ, ನೀವ ಹೇಳ್ರಿ. ನಂದು ದಿನಕ್ಕ ಸಾವಿರದಾ ಆರ್‍ನೂರು ಆಗ್ತದ" ಅಂದ ಹಿರಿಯವ.

"ನಂದು ಎಂಟನೂರಾ ಇಪ್ಪತ್ತು. ಆದ್ರ ನಾನು ಊರಾಗ ಇದ್ದು ದುಡೀತೀನಿ" ಅಂದ ಕಿರಿಯವ.

"ನಂದು ತಾಸಿಗೆ ನೂರಾ ನಲವತ್ತು, ನೆರಳಾಗ ಕುಂತು" ಅಂದಳು ನಡುವಿನವಳು.

ನಾನು ರಾಯಚೂರು ಗಂಜಿನ ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ಗುಮಾಸ್ತ. ಒಬ್ಬ ದಿನದ ಲೆಕ್ಕ, ಇನ್ನೊಬ್ಬಳು ತಾಸಿನ ಲೆಕ್ಕ, ಮತ್ತೊಬ್ಬ ಖರ್ಚು ತೆಗೆಯದ ಲೆಕ್ಕ ಹೇಳಿದರೆ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ. ಗಂಜಿನಲ್ಲಿ ರೈತ ಹತ್ತಿ ಮಾರಿದಾಗ ಅಂಗಡಿಯವ ಅವನ ಕೈಗೆ ಒಂದು ಪಟ್ಟಿ ಕೊಡುತ್ತಾನೆ. ಮೇಲೆ ತೂಕ, ದರ, ಒಟ್ಟು. ಕೆಳಗೆ ಹಮಾಲಿ, ತೂಕದ ಕೂಲಿ, ಗಾಡಿ ಬಾಡಿಗೆ, ಮುಂಗಡ. ಎಲ್ಲಾ ಕಳೆದು ಕಡೆಗೆ ಕೈಗೆ ಬರುವ ರೊಕ್ಕ. ರೈತ ಈ ಕಟಾವುಗಳ ಮೇಲೆ ಜಗಳ ತೆಗೆಯುತ್ತಾನೆ, ಯಾಕಂದರೆ ಅವು ಕಣ್ಣಿಗೆ ಕಾಣುತ್ತವೆ. ಆದರೆ ಅವನಿಗೆ ದೊಡ್ಡ ಪೆಟ್ಟು ಬಿದ್ದಿರುವುದು ಬೇರೆ ಕಡೆ. ತೇವ ಅಂತ, ಕಸ ಅಂತ, ಚೀಲದ ಭಾರ ಅಂತ ತೂಕದಲ್ಲೇ ಒಂದಿಷ್ಟು ಕಿಲೋ ಬಿಟ್ಟು ಬರೆದಿರುತ್ತಾರಲ್ಲ, ಅದರಲ್ಲಿ. ಅದಕ್ಕೆ ಸೂಟು ಅಂತಾರೆ. ಸೂಟು ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿ ಶುರುವಾಗುವ ಮೊದಲೇ ಅದು ಹೋಗಿರುತ್ತದೆ.

"ತರ್ರಿ ಇಲ್ಲಿ. ಮೂವರದೂ ಪಟ್ಟಿ ಬರೀತೀನಿ" ಅಂದೆ. ಅಕ್ಕ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಕೊಟ್ಟಳು. ಹಿಂದಿನ ಬದಿ ಬಿಳಿ ಇತ್ತು.

ಮೊದಲು ಕಿರಿಯವನದು. ಬೆಳಿಗ್ಗೆ ಹನ್ನೊಂದಕ್ಕೆ ಮನೆ ಬಿಡುತ್ತಾನೆ, ರಾತ್ರಿ ಹನ್ನೊಂದಕ್ಕೆ ಬರುತ್ತಾನೆ. ಆ್ಯಪಿನಲ್ಲಿ ಹತ್ತು ತಾಸು ಲಾಗಿನ್. ಒಂದು ಒಳ್ಳೆಯ ದಿನ ಇಪ್ಪತ್ತು ಆರ್ಡರು, ಸರಾಸರಿ 36 ರೂಪಾಯಿಯಂತೆ 720. ಇಪ್ಪತ್ತು ಮುಗಿಸಿದರೆ ಇನ್ಸೆಂಟಿವ್ 100. ಒಟ್ಟು 820. ಆ್ಯಪು ತಾಸಿಗೆ 82 ಅಂತ ತೋರಿಸುತ್ತದೆ.

"ಪೆಟ್ರೋಲು?"

"ಎರಡು ಲೀಟರ್, ಮಾಮಾ."

"ಗಾಡಿ ಮೀಟರ್ ಎಷ್ಟು ಓಡ್ತದ?"

ಅದನ್ನು ಅವನು ಎಂದೂ ನೋಡಿರಲಿಲ್ಲ. ಆ್ಯಪು ಎಷ್ಟು ಕಿಲೋಮೀಟರಿಗೆ ದುಡ್ಡು ಕೊಟ್ಟಿತು ಅಂತ ಮಾತ್ರ ನೋಡಿದ್ದ: ಅರವತ್ತು ಚಿಲ್ಲರೆ. ಲೀಟರಿಗೆ 55 ಕೊಡುವ ಗಾಡಿಗೆ ಎರಡು ಲೀಟರ್ ಬೇಕಾದರೆ ಅದು 110 ಕಿಲೋಮೀಟರ್ ಓಡಿರಬೇಕು. ಉಳಿದ ಐವತ್ತು ಎಲ್ಲಿ ಹೋಯಿತು? ಮನೆಯಿಂದ ಊರಿಗೆ, ಊರಿಂದ ಮನೆಗೆ, ಆರ್ಡರು ಮುಟ್ಟಿಸಿ ಹೋಟೆಲುಗಳಿರುವ ಕಡೆಗೆ ಖಾಲಿ ಹೊಳ್ಳಿ ಬರೋದಕ್ಕೆ. ಆ ಐವತ್ತಕ್ಕೆ ಯಾರೂ ರೊಕ್ಕ ಕೊಡುವುದಿಲ್ಲ, ಗಾಡಿ ಮಾತ್ರ ಸವೆಯುತ್ತದೆ.

ಪೆಟ್ರೋಲು 103ರಂತೆ 206 ರೂಪಾಯಿ. 820ರಲ್ಲಿ 206 ತೆಗೆದರೆ ಜೇಬಿಗೆ 614. ಹುಡುಗ ಇಷ್ಟು ದಿನ ಇದನ್ನೇ ಗಳಿಕೆ ಅಂದುಕೊಂಡಿದ್ದ. ಹತ್ತರಲ್ಲಿ ಒಂಬತ್ತು ಮಂದಿ ಅಂದುಕೊಳ್ಳುವುದೂ ಇದನ್ನೇ.

ನಾನು ಮುಂದೆ ಬರೆದೆ. ಎಣ್ಣೆ ಬದಲಿ, ಟೈರು, ಚೈನು, ಬ್ರೇಕು, ಮೇಸ್ತ್ರಿಯ ಕೂಲಿ, ಎಲ್ಲಾ ಸೇರಿಸಿ ಕಿಲೋಮೀಟರಿಗೆ ಐವತ್ತು ಪೈಸೆ. ದಿನಕ್ಕೆ ಬರುವುದಲ್ಲ ಈ ಖರ್ಚು. ಮೂರು ತಿಂಗಳು ಸುಮ್ಮನಿದ್ದು ಒಂದು ದಿನ ನಾಲ್ಕು ಸಾವಿರ ಕೇಳುತ್ತದೆ. ಆ ದಿನ ಇವನು ಅವ್ವನ ಕಡೆ ಕೈ ಚಾಚುತ್ತಾನೆ. ಆಮೇಲೆ ಗಾಡಿಯದೇ ಸವೆತ. 95 ಸಾವಿರ ಕೊಟ್ಟು ತಂದದ್ದು ಒಂದು ಲಕ್ಷ ಕಿಲೋಮೀಟರ್ ಓಡಿದ ಮೇಲೆ 30 ಸಾವಿರಕ್ಕೆ ಹೋದರೆ ಪುಣ್ಯ. ನಡುವೆ ಕರಗಿದ್ದು 65 ಸಾವಿರ, ಅಂದರೆ ಕಿಲೋಮೀಟರಿಗೆ 65 ಪೈಸೆ. 110 ಕಿಲೋಮೀಟರಿಗೆ ರಿಪೇರಿ 55, ಸವೆತ 72. ಮೊಬೈಲ್ ರೀಚಾರ್ಜು ಮತ್ತು ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಫೋನು, ದಿನಕ್ಕೆ 36. ಇಷ್ಟೂ ಕಳೆದರೆ 451 ಉಳಿಯಿತು. ಮನೆ ಬಿಟ್ಟು ಮನೆ ಸೇರುವ ಹನ್ನೆರಡು ತಾಸಿಗೆ ಹಂಚಿದರೆ ತಾಸಿಗೆ ಮೂವತ್ತೇಳೂವರೆ.

ಹುಡುಗನ ಮುಖ ಇಳಿಯಿತು. "ಎಂಬತ್ತೆರಡು ಹೋಗಿ ಮೂವತ್ತೇಳು ಆತೇನು?"

"ಆತು. ಈಗ ಹೊಟ್ಟಿ ಉರ್ಕೊಬ್ಯಾಡ, ಇನ್ನೂ ಸೂಟಿಗೆ ಬಂದಿಲ್ಲ" ಅಂದೆ.

ಈ ಲೆಕ್ಕದಿಂದ ಒಂದು ಕೈಮರ ಸಿಗುತ್ತದೆ, ಅದನ್ನು ಹುಡುಗನಿಗೆ ಹೇಳಿದೆ. ಪೆಟ್ರೋಲು, ರಿಪೇರಿ, ಸವೆತ ಕೂಡಿಸಿದರೆ ಅವನ ಗಾಡಿ ಒಂದು ಕಿಲೋಮೀಟರ್ ಉರುಳಲಿಕ್ಕೆ ಮೂರು ರೂಪಾಯಿ ತಿನ್ನುತ್ತದೆ. ಇದೊಂದು ನೆನಪಿದ್ದರೆ ಸಾಕು. ಸ್ಟೇಷನ್ ರಸ್ತೆಯ ಹೋಟೆಲಿನಿಂದ ಪಕ್ಕದ ಓಣಿಗೆ 30 ರೂಪಾಯಿಯ ಆರ್ಡರು ಬಂತು ಅನ್ನು. ಹೋಗಿ ಹೊಳ್ಳಿ ಬರೋದು ನಾಲ್ಕು ಕಿಲೋಮೀಟರ್. ಗಾಡಿ ಹನ್ನೆರಡು ತಿಂತು, ಉಳಿದದ್ದು 18. ಯರಮರಸ್ ಕಡೆಗೆ 60 ರೂಪಾಯಿಯ ಆರ್ಡರು ಬಂತು. ಹೋಟೆಲಿಗೆ ಎರಡು, ಮುಟ್ಟಿಸಲಿಕ್ಕೆ ಆರು, ಖಾಲಿ ವಾಪಸ್ಸು ಆರು, ಒಟ್ಟು ಹದಿನಾಲ್ಕು. ಗಾಡಿ ನಲವತ್ತೆರಡು ತಿಂತು, ಉಳಿದದ್ದು ಅದೇ 18. ಹತ್ತಿರದ್ದು ಇಪ್ಪತ್ತು ನಿಮಿಷದಲ್ಲಿ ಮುಗಿಯಿತು, ದೂರದ್ದು ಐವತ್ತು ನಿಮಿಷ ತಿಂತು. ಪರದೆ ಮೇಲೆ ಅರವತ್ತು ಅಂತ ಕಂಡಾಗ ಕೈ ತಾನೇ ಅತ್ತ ಹೋಗುತ್ತದೆ.

"ಅದಕ್ಕ ನಾ ದೂರದ್ದು ಬಂದ್ರ ಖುಷಿ ಆಗ್ತಿದ್ದೆ ನೋಡ್ರಿ" ಅಂದ. ನಗುತ್ತ ಅಂದನೋ ಅಳುತ್ತ ಅಂದನೋ ತಿಳಿಯಲಿಲ್ಲ.

ಮಗಳು ನಡುವೆ ಬಾಯಿ ಹಾಕಿದಳು. "ಆದ್ರ ಮಾಮಾ, ತಾಸಿಗೆ ನೂರರ ಮ್ಯಾಲ ಅಂತ ಕಂಪನಿಯವ್ರು ಹೇಳ್ಯಾರಲ್ಲ?"

ಅದೂ ಖರೇನೇ. 2025ರ ಡಿಸೆಂಬರ್ 31ರಂದು ದೇಶದ ಹಲವು ಊರುಗಳಲ್ಲಿ ಹಂಚಿಕೆ ಹುಡುಗರು ಮುಷ್ಕರ ಹೂಡಿದರು. ಅದರ ಬೆನ್ನಿಗೇ ಜೊಮ್ಯಾಟೊ ಸಂಸ್ಥಾಪಕ ದೀಪಿಂದರ್ ಗೋಯಲ್ ಒಂದಿಷ್ಟು ಅಂಕಿ ಬಿಚ್ಚಿಟ್ಟರು. 2025ರಲ್ಲಿ ತಮ್ಮ ಕಂಪನಿಯಲ್ಲಿ ಹಂಚುವವರಿಗೆ ಟಿಪ್ಸ್ ಬಿಟ್ಟು ಲಾಗಿನ್ ತಾಸಿಗೆ ಸರಾಸರಿ 102 ರೂಪಾಯಿ ಬಿದ್ದಿದೆ, ಕಾಯುವ ಹೊತ್ತೂ ಅದರಲ್ಲಿ ಸೇರಿದೆ. ದಿನಕ್ಕೆ ಹತ್ತು ತಾಸು, ತಿಂಗಳಿಗೆ 26 ದಿನ ದುಡಿದರೆ ಒಟ್ಟು ಸುಮಾರು 26,500. ಪೆಟ್ರೋಲು, ರಿಪೇರಿಗೆ ಶೇಕಡಾ 20 ಕಳೆದರೆ ಸುಮಾರು 21,000 ಅಂತ. ಕಾಯುವ ಹೊತ್ತನ್ನು ಸೇರಿಸಿ ಲೆಕ್ಕ ಹೇಳಿದ್ದು ಒಳ್ಳೆಯದೇ ಆಯಿತು.

ಆದರೆ ಗುಮಾಸ್ತನ ಕಣ್ಣು ಪಟ್ಟಿಯ ಅಡಿಗೆ ಹೋಗುತ್ತದೆ. ಅದೇ ಅಂಕಿಗಳ ಜೊತೆ ಇನ್ನೊಂದು ಮಾತೂ ಇತ್ತು: ಹಂಚುವವರು ಸರಾಸರಿ ವರ್ಷಕ್ಕೆ 38 ದಿನ ಮಾತ್ರ ದುಡಿಯುತ್ತಾರೆ, ದುಡಿದ ದಿನ ಏಳು ತಾಸು. ವರ್ಷಕ್ಕೆ 250 ದಿನಕ್ಕಿಂತ ಹೆಚ್ಚು ದುಡಿದವರು ನೂರಕ್ಕೆ ಎರಡು ಚಿಲ್ಲರೆ ಮಂದಿ. ಅಂದರೆ ಏಳು ತಾಸಿನವರ ಸರಾಸರಿಯನ್ನು ಹತ್ತು ತಾಸಿಗೆ ಗುಣಿಸಿದಂತಾಯಿತು. ಊಟದ ಹೊತ್ತಿಗೆ ಬಂದು ಹೋಗುವವನಿಗೆ ಪ್ರತಿ ತಾಸೂ ತುಂಬಿದ ತಾಸು. ಅವನೇ ಇನ್ನು ಮೂರು ತಾಸು ಹೆಚ್ಚಿಗೆ ಕುಂತರೆ ಸಿಗುವುದು ಮಧ್ಯಾಹ್ನದ ಖಾಲಿ ತಾಸು. ಜೋಳದ ಹೊಲದ ನಡುವಿನ ತೆನೆ ನೋಡಿ ಬದುವಿನ ತನಕ ಅಷ್ಟೇ ಇಳುವರಿ ಅಂತ ಬರೆದ ಹಾಗೆ.

ಆ ಶೇಕಡಾ 20ರಲ್ಲಿ ಗಾಡಿಯ ಸವೆತವೂ ಇಲ್ಲ, ಪೆಟ್ರೋಲು ಮತ್ತು ರಿಪೇರಿ ಮಾತ್ರ. ನಮ್ಮ ಹುಡುಗನಿಗೆ ಆ ಎರಡೇ ಸೇರಿ 261, ಅಂದರೆ 820ರಲ್ಲಿ ಶೇಕಡಾ 32ರ ಹತ್ತಿರ. ದೊಡ್ಡ ಊರಿನಲ್ಲಿ ಆರ್ಡರುಗಳು ಒತ್ತೊತ್ತಾಗಿ ಬರುತ್ತವೆ, ಮುಟ್ಟಿಸಿದಲ್ಲೇ ಇನ್ನೊಂದು ಸಿಕ್ಕೀತು. ರಾಯಚೂರಿನಂಥ ಊರಿನಲ್ಲಿ ಹೊಳ್ಳಿ ಹೋಟೆಲಿನ ಬಾಗಿಲಿಗೇ ಬರಬೇಕು. ಒಂದೇ ದರ ಕೊಟ್ಟರೂ ಊರು ಬದಲಾದರೆ ಕೈಗೆ ಬರುವ ರೊಕ್ಕ ಬದಲಾಗುತ್ತದೆ.

ಈಗ ಹಿರಿಯವನ ಪಟ್ಟಿ. ಅವನು ಎದೆಯುಬ್ಬಿಸಿ ಕುಂತ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೊ ಮೀಟರು ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಐದು ಕಿಲೋಮೀಟರಿನ ಬಾಡಿಗೆಗೆ 36ರ ಮೇಲೆ ಮೂರು ಹದಿನೆಂಟು, ಅಂದರೆ 90. ದಿನಕ್ಕೆ ಅಂಥ ಹದಿನೆಂಟು ಬಾಡಿಗೆ ಹೊಡೆಯುತ್ತಾನೆ. 1,620.

"ಕಮಿಷನ್ ಇಲ್ಲ ಮಾಮಾ ಈಗ. ದಿನಾ ಒಂದಿಷ್ಟು ಚಂದಾ ಕಟ್ಟಿದ್ರ ಮುಗೀತು" ಅಂದ.

ಇದರ ಕತೆ ನನಗೂ ಗೊತ್ತಿತ್ತು. ಮೊದಲು ದೊಡ್ಡ ಕಂಪನಿಗಳು ಪ್ರತಿ ಬಾಡಿಗೆಯಲ್ಲೂ ಇಷ್ಟು ಪಾಲು ಅಂತ ಹಿಡಿಯುತ್ತಿದ್ದವು. 2022ರ ನವೆಂಬರಿನಲ್ಲಿ ಸರ್ಕಾರ ಆಟೊ ಬಾಡಿಗೆಯ ಮೇಲೆ ಶೇಕಡಾ 5 ಸೇವಾಶುಲ್ಕ ಮತ್ತು ಅದರ ಜಿಎಸ್‌ಟಿ ಅಂತ ಮಿತಿ ಹಾಕಿತು. ಅದೇ ತಿಂಗಳು ಬೆಂಗಳೂರಿನಲ್ಲಿ ನಮ್ಮ ಯಾತ್ರಿ ಬಂತು. ಅದು ಕಮಿಷನ್ ಬಿಟ್ಟು, ಮುಂದೆ ದಿನಕ್ಕೆ 25 ರೂಪಾಯಿಯ ಚಂದಾ ಹಚ್ಚಿತು. 2025ರ ಹೊತ್ತಿಗೆ ದೊಡ್ಡ ಕಂಪನಿಗಳೂ ಆಟೊದ ಮಟ್ಟಿಗೆ ಅದೇ ದಾರಿ ಹಿಡಿದವು. ನಮ್ಮ ಹುಡುಗ ಎರಡು ಆ್ಯಪ್ ಇಟ್ಟುಕೊಂಡಿದ್ದಾನೆ, ಎರಡಕ್ಕೂ ಸೇರಿ ದಿನಕ್ಕೆ 60. 

ಅವನ ಆಟೊ ದಿನಕ್ಕೆ 140 ಕಿಲೋಮೀಟರ್ ಓಡುತ್ತದೆ. ಅದರಲ್ಲಿ ಬಾಡಿಗೆ ಕುಂತದ್ದು 90. ಸಿಎನ್‌ಜಿ ಐದು ಕಿಲೋ, 450. ಮಾಲೀಕನಿಗೆ ಆಟೊ ಬಾಡಿಗೆ 400. ಚಂದಾ 60, ಫೋನು 36. ಉಳಿದದ್ದು 674. ಊರು ಬಿಟ್ಟು ಬಂದವನಿಗೆ ರೂಮು ಬೇಕಲ್ಲ, ಪಾಲಿನ ನಾಲ್ಕು ಸಾವಿರವನ್ನು 26 ದಿನಕ್ಕೆ ಹಂಚಿದರೆ 154. ಕೈಗೆ 520. ಬೆಳಿಗ್ಗೆ ಏಳರಿಂದ ರಾತ್ರಿ ಎಂಟರ ತನಕ ಹದಿಮೂರು ತಾಸು. ತಾಸಿಗೆ ಸರಿಯಾಗಿ ನಲವತ್ತು.

"ಊಟ ಹಿಡೀಲಿಲ್ಲ ನೀವು" ಅಂತ ಅಕ್ಕ ನೆನಪಿಸಿದಳು.

"ಊಟ ಎಲ್ಲಿದ್ರೂ ಉಣ್ಣಬೇಕಲ್ಲ ಅಕ್ಕ. ಅದು ಕೆಲಸದ ಖರ್ಚಲ್ಲ, ಹೊಟ್ಟೀ ಖರ್ಚು."

"ಹಂಗಲ್ಲ ಅಣ್ಣ. ಇಲ್ಲಿ ನನ್ನ ಕೈಯಾಗಿನ ರೊಟ್ಟಿ, ಅಲ್ಲಿ ಎಂಬತ್ತು ರೂಪಾಯಿ ಪ್ಲೇಟು."

ಹೌದು ಅನ್ನಿಸಿತು. ಅದನ್ನು ಹಿಡಿದರೆ ಹಿರಿಯವ ನಲವತ್ತಕ್ಕಿಂತ ಕೆಳಗೆ ಇಳಿಯುತ್ತಾನೆ. ಹಬ್ಬದ ಮರುದಿನ ಅಷ್ಟು ಕಠಿಣ ಆಗೋದು ಬೇಡ ಅಂತ ಬಿಟ್ಟೆ.

ಇಲ್ಲೊಂದು ತಮಾಷೆ ನೋಡಿ. ಆಟೊದವನು ದಿನಾ ನಾನೂರು ಬಾಡಿಗೆ ಕಟ್ಟಿ ಮಾಲೀಕನನ್ನು ಬೈಯುತ್ತಾನೆ. ಆ ನಾನೂರರಲ್ಲಿ ಆಟೊದ ಸವೆತ, ವಿಮೆ, ದೊಡ್ಡ ರಿಪೇರಿ ಎಲ್ಲಾ ಇವೆ. ಸವೆತದ ಬೆಲೆ ಅವನಿಗೆ ದಿನಾ ಸಂಜೆ ಕೈಯಿಂದ ಎಣಿಸಿ ಕೊಡುವಾಗ ಕಾಣುತ್ತದೆ. ಸ್ವಂತ ಬೈಕಿನವನು ಯಾರಿಗೂ ಬಾಡಿಗೆ ಕಟ್ಟುವುದಿಲ್ಲ, ಅದಕ್ಕೇ ತನಗೆ ಖರ್ಚೇ ಇಲ್ಲ ಅಂದುಕೊಳ್ಳುತ್ತಾನೆ. ಅವನು ಗಾಡಿಯನ್ನೇ ಚೂರುಚೂರು ಮಾರಿ ದಿನಾ ಜೇಬಿಗೆ ಹಾಕಿಕೊಳ್ಳುತ್ತಿರುತ್ತಾನೆ. ಮೂರು ವರ್ಷ ಆದ ಮೇಲೆ ಗಾಡಿ ಹೋಗುತ್ತದೆ, ಹೊಸದಕ್ಕೆ ರೊಕ್ಕ ಇರುವುದಿಲ್ಲ. ಆಗ ಸಾಲ.

"ಈಗ ಸೂಟು ಎಲ್ಲೈತಿ ಹೇಳ್ರಿ" ಅಂದ ಕಿರಿಯವ.

ಹಾಳೆಯ ಇನ್ನೊಂದು ಮೂಲೆಗೆ ಬಂದೆ. ಕಿರಿಯವನ ಒಂದು ಆರ್ಡರು ಹೋಟೆಲಿನಿಂದ ಮನೆ ತನಕ ಸರಾಸರಿ ಇಪ್ಪತ್ತು ನಿಮಿಷ. ಇಪ್ಪತ್ತು ಆರ್ಡರಿಗೆ ಆರು ತಾಸು ನಲವತ್ತು ನಿಮಿಷ. ಅವನು ಮನೆ ಬಿಟ್ಟಿದ್ದು ಹನ್ನೆರಡು ತಾಸು. ನಡುವಿನ ಐದು ತಾಸು ಇಪ್ಪತ್ತು ನಿಮಿಷ ಬೇವಿನ ಗಿಡದ ಕೆಳಗೆ, ಹೋಟೆಲಿನ ಬಾಗಿಲಲ್ಲಿ, ಖಾಲಿ ರಸ್ತೆಯಲ್ಲಿ ಹೋಗಿದೆ. ಹಿರಿಯವನದು ಒಂದು ಬಾಡಿಗೆ ಆ ಊರಿನ ಟ್ರಾಫಿಕ್ಕಿನಲ್ಲಿ ಇಪ್ಪತ್ತೈದು ನಿಮಿಷ. ಹದಿನೆಂಟಕ್ಕೆ ಏಳೂವರೆ ತಾಸು. ಹದಿಮೂರರಲ್ಲಿ ಐದೂವರೆ ತಾಸು ಖಾಲಿ. ಇಬ್ಬರಿಗೂ ನೂರಕ್ಕೆ ನಲವತ್ತರ ಮೇಲೆ ಹೊತ್ತು ಹೀಗೆ ಹೋಗುತ್ತದೆ.

ಇದೇ ಸೂಟು. ಕಂಪನಿಯ ಪಟ್ಟಿಯಲ್ಲಿ ಇದು ಬರುವುದಿಲ್ಲ, ಯಾಕಂದರೆ ಆ ಪಟ್ಟಿ ಶುರುವಾಗುವುದು ಆರ್ಡರು ಬಂದ ಮೇಲೆ.

ಹಿರಿಯವನ ಕಮಿಷನ್ನಿನ ಮಾತಿಗೆ ಇದನ್ನು ಹಚ್ಚಿ ನೋಡಿದೆ. 1,620ರ ಮೇಲೆ ಶೇಕಡಾ 10 ಕಮಿಷನ್ ಇದ್ದರೆ 162 ಹೋಗುತ್ತಿತ್ತು. ಈಗ ಚಂದಾ 60. ದಿನಕ್ಕೆ ನೂರು ಉಳಿಯಿತು, ಒಳ್ಳೆಯದೇ. ಆದರೆ ಅವನು ರಸ್ತೆಯಲ್ಲಿರುವ ಪ್ರತಿ ತಾಸಿಗೆ ಸರಾಸರಿ 125 ರೂಪಾಯಿಯ ಬಾಡಿಗೆ ಬರುತ್ತದೆ. ಒಂದೇ ಒಂದು ತಾಸು ಹೆಚ್ಚಿಗೆ ಖಾಲಿ ನಿಂತರೆ ಕಮಿಷನ್ನಿನಲ್ಲಿ ಉಳಿಸಿದ್ದೆಲ್ಲ ಹೋಗಿ ಇಪ್ಪತ್ತೈದು ಮೇಲೆ ಬೀಳುತ್ತದೆ. ಕಮಿಷನ್ ಇದ್ದಾಗ ಇನ್ನೊಂದು ಮಾತಿತ್ತು: ಬಾಡಿಗೆ ಬರಲಿಲ್ಲ ಅಂದರೆ ಕಂಪನಿಗೂ ಏನೂ ಇಲ್ಲ. ಚಂದಾ ಆದ ಮೇಲೆ ಆಟೊ ಓಡಲಿ ಬಿಡಲಿ ಕಂಪನಿಗೆ ಅದರ ದುಡ್ಡು ಬರುತ್ತದೆ. ಊರಿನ ಭಾಷೆಯಲ್ಲಿ ಹೇಳಬೇಕಂದರೆ ಕಂಪನಿಯವ ಮೊದಲು ಹೊಲ ಪಾಲಿಗೆ ಹಾಕಿದ್ದ, ಈಗ ಲಾವಣಿಗೆ ಹಾಕಿದ. ಪಾಲಿನಲ್ಲಿ ಮಳೆ ಹೋದರೆ ಇಬ್ಬರಿಗೂ ನಷ್ಟ. ಲಾವಣಿಯಲ್ಲಿ ಮಳೆ ಹೋದರೂ ಲಾವಣಿ ಕಟ್ಟಬೇಕು, ಮಳೆ ಚಲೋ ಆದರೆ ಬೆಳೆ ಪೂರ್ತಿ ನಿನ್ನದು. ದಿನಕ್ಕೆ ಹದಿನೆಂಟು ಬಾಡಿಗೆ ಹೊಡೆಯುವವನಿಗೆ ಲಾವಣಿ ಲಾಭ. ಮೂರು ಬಾಡಿಗೆಯ ದಿನ ಅದೇ ಕೊರಳಿಗೆ ಬರುತ್ತದೆ.

ರೈತರ ಮಕ್ಕಳು, ಇದು ಮೂವರಿಗೂ ಒಂದೇ ಸಲಕ್ಕೆ ತಿಳಿಯಿತು.

"ಅಕ್ಕೋರದು ಹಾಕ್ರಿ ಈಗ. ನೆರಳಾಗ ಕುಂತಾರಲ್ಲ" ಅಂತ ಅಣ್ಣ ತಮ್ಮ ಇಬ್ಬರೂ ಅವಳ ಕಡೆ ತಿರುಗಿದರು.

ಅವಳದು ಕನ್ನಡದ ಧ್ವನಿ ಕೇಳಿ ಅಕ್ಷರಕ್ಕೆ ಇಳಿಸೋದು, ಪಿಡಿಎಫ್‌ನಲ್ಲಿರುವ ಕೋಷ್ಟಕಗಳನ್ನು ಎಕ್ಸೆಲ್‌ಗೆ ಹಾಕೋದು, ಅಂಥ ಕೆಲಸ. ಡಿಸೆಂಬರಿನಲ್ಲಿ ಮೂರು ಆರ್ಡರು ಬಂದವು: 50, 40, 35 ಡಾಲರಿನವು. ಒಟ್ಟು 125. ಫೈವರ್‌ನಂಥ ತಾಣದ ಕಟಾವು ಶೇಕಡಾ 20, ಅಂದರೆ ಉಳಿದದ್ದು 100. ಡಾಲರಿಗೆ 90ರಂತೆ 9,000. ಡಾಲರನ್ನು ರೂಪಾಯಿ ಮಾಡಿ ಬ್ಯಾಂಕಿಗೆ ತರುವ ದಾರಿಯಲ್ಲಿ 270 ಹೋಯಿತು. ಬಂದದ್ದು 8,730. ಕೆಲಸ ಮಾಡಿದ್ದು 62 ತಾಸು. ಅದಕ್ಕೇ ತಾಸಿಗೆ ನೂರಾ ನಲವತ್ತು ಅಂದಿದ್ದಳು.

"ಈ ಅರವತ್ತೆರಡು ತಾಸು ಅಂದ್ರ ಏನು? ಟೈಪ್ ಮಾಡಿದ್ದಷ್ಟೇನಾ?"

"ಹೌದ್ರಿ."

"ತಿದ್ದಿ ಕೊಡು ಅಂದಿದ್ದು?"

"ಅದು ಒಂದು ಹದಿನಾಲ್ಕು ತಾಸು."

"ಗಿರಾಕಿ ಹುಡ್ಕಿದ್ದು? ಅವರ ಜೋಡಿ ಮಾತಾಡಿದ್ದು? ಮಾದರಿ ಮಾಡಿ ತೋರ್ಸಿದ್ದು?"

ಅವಳು ಸ್ವಲ್ಪ ಹೊತ್ತು ಬೆರಳು ಮಡಚಿ ಎಣಿಸಿದಳು. "ದಿನಾ ರಾತ್ರಿ ಎರಡು ತಾಸಿನ ಮ್ಯಾಲ ಹೋಗ್ತದ ಮಾಮಾ. ಅವ್ರಿಗೆ ಹಗಲು ಇದ್ದಾಗ ನಮಗ ರಾತ್ರಿ. 26 ದಿನಕ್ಕ ಐವತ್ನಾಲ್ಕು ಹಿಡೀರಿ."

ಆಯಿತಲ್ಲ. ಬೇವಿನ ಗಿಡದ ಕೆಳಗೆ ಕಾಯೋದೂ ಇದೇ, ಪರದೆ ಮುಂದೆ ಅರ್ಜಿ ಹಾಕೋದೂ ಇದೇ. ಒಂದರಲ್ಲಿ ಬಿಸಿಲು, ಇನ್ನೊಂದರಲ್ಲಿ ಕಣ್ಣುರಿ. ಅಪ್‌ವರ್ಕ್‌ನಂಥ ಕಡೆ ಅರ್ಜಿ ಹಾಕಲಿಕ್ಕೇ ಕನೆಕ್ಟ್ ಅಂತ ಟೋಕನ್ನು ಖರ್ಚು ಮಾಡಬೇಕು. ಪುಕ್ಕಟೆ ಸಿಕ್ಕದ್ದು ಮುಗಿದರೆ ಕೊಳ್ಳಬೇಕು. ಕೆಲಸ ಸಿಗದಿದ್ದರೂ ಆ ರೊಕ್ಕ ಹೋಯಿತು. 62ಕ್ಕೆ 14, 54 ಸೇರಿಸಿದರೆ 130 ತಾಸು. ಬ್ರಾಡ್‌ಬ್ಯಾಂಡು 500. ಲ್ಯಾಪ್‌ಟಾಪು 42 ಸಾವಿರದ್ದು ನಾಲ್ಕು ವರ್ಷ ಬಾಳಿದರೆ ತಿಂಗಳಿಗೆ 875. ಕರೆಂಟು 75. ಒಟ್ಟು 1,450 ಕಳೆದರೆ 7,280. ತಾಸಿಗೆ 56. ಶುರುವಿನ ಎರಡು ತಿಂಗಳು ಎಂಬತ್ತು ತಾಸು ಕುಂತು ಒಂದು ಪೈಸೆ ಕಾಣಲಿಲ್ಲವಂತೆ. ಅದನ್ನು ಆರು ತಿಂಗಳಿಗೆ ಹಂಚಿದರೆ 51ಕ್ಕೆ ಬಂತು.

"ಆದ್ರೂ ನಾನೇ ಮುಂದ" ಅಂದಳು.

ಮುಂದೆಯೇ. ಅದರಲ್ಲಿ ಸುಳ್ಳಿಲ್ಲ. ಗಾಡಿ ಸವೆಯುವುದಿಲ್ಲ, ಬೀಳುವ ಭಯ ಇಲ್ಲ. ಆದರೆ ಅವಳ ಪಟ್ಟಿಯಲ್ಲಿ ಬೇರೆ ಊನ ಇತ್ತು. ಅಣ್ಣ ತಮ್ಮ ತಿಂಗಳಿಗೆ ಮುನ್ನೂರು ತಾಸು ದುಡಿಯುತ್ತಾರೆ, ಇವಳಿಗೆ 130ರ ಮೇಲೆ ಸಿಗುವುದಿಲ್ಲ. ಒಲ್ಲೆ ಅಂತ ಅಲ್ಲ, ಆರ್ಡರು ಬರುವುದಿಲ್ಲ. ತಾಸಿನ ದರ ಎಷ್ಟೇ ಇರಲಿ, ಮಾರಲಿಕ್ಕೆ ತಾಸೇ ಹೋಗದಿದ್ದರೆ ಸಂತೆಯಲ್ಲಿ ಚಲೋ ಬೆಲೆಯ ಎಮ್ಮೆ ಕಟ್ಟಿಕೊಂಡು ನಿಂತ ಹಾಗೆ. ತಿಂಗಳಿಗೆ ಹಿರಿಯವನ ಕೈಗೆ 13,520, ಕಿರಿಯವನಿಗೆ 11,726, ಇವಳಿಗೆ 7,280. ಕೆಲಸ ಮುಗಿಸಿ ಕೊಟ್ಟ ಮೇಲೂ ಫೈವರ್‌ನಲ್ಲಿ ಸಾಮಾನ್ಯವಾಗಿ ಹದಿನಾಲ್ಕು ದಿನ ರೊಕ್ಕ ತಡೆದಿರುತ್ತಾರೆ. ಕಿರಾಣಿ ಅಂಗಡಿಯವ ಹದಿನಾಲ್ಕು ದಿನ ತಡೆಯುತ್ತಾನೋ ಇಲ್ಲೋ, ಅಕ್ಕನಿಗೇ ಗೊತ್ತು.

"ಹಂಗಾದ್ರ ಯಾವುದು ಚಲೋ?" ಅಂತ ಅಕ್ಕ ಕೇಳಿದಳು. ಅವಳಿಗೆ ಬೇಕಾದ್ದು ಒಂದೇ ಸಾಲಿನ ಉತ್ತರ.

ನಾನು ಹಾಳೆಯ ಅಡಿಗೆ ಇನ್ನೊಂದು ಸಾಲು ಬರೆದೆ. ಉದ್ಯೋಗ ಖಾತ್ರಿಯ ಕೂಲಿ 2025-26ರಲ್ಲಿ ಕರ್ನಾಟಕಕ್ಕೆ ದಿನಕ್ಕೆ 370 ರೂಪಾಯಿ. ಎಂಟು ತಾಸು ಅಂತ ಹಿಡಿದರೆ ತಾಸಿಗೆ 46. ಅದು ವರ್ಷಪೂರ್ತಿ ಸಿಗುವ ಕೆಲಸ ಅಲ್ಲ, ಮಣ್ಣು ಅಗೆಯುವ ಕೆಲಸ. ಆದರೂ ಕೆರೆ ಹೂಳು ಎತ್ತುವವನ ತಾಸಿಗೆ 46, ಆಟೊದವನ ತಾಸಿಗೆ 40, ಬೈಕಿನವನ ತಾಸಿಗೆ 37. ದಿನದ ಲೆಕ್ಕದಲ್ಲಿ ಮುಂದಿದ್ದವರು ತಾಸಿನ ಲೆಕ್ಕಕ್ಕೆ ಹಿಂದೆ ಬಿದ್ದರು. ಉದ್ದ ದಿನವೇ ಅವರ ಗಳಿಕೆ.

ಕಿರಿಯವ ಹಾಳೆಯನ್ನು ಕಸಿದುಕೊಂಡು ನೋಡಿದ. "ಹಂಗಾದ್ರ ಮಧ್ಯಾಹ್ನ ಮೂರರಿಂದ ಆರೂವರಿ ಬಂದ್ ಮಾಡಿಬಿಡ್ತೀನಿ. ಆವಾಗ ಎರಡೇ ಆರ್ಡರ್ ಬರ್ತಾವ."

"ತಡಿ, ತಡಿ" ಅಂದೆ. ಎರಡು ಆರ್ಡರಿಗೆ 72. ಆದರೆ ಅವೆರಡು ಬಿಟ್ಟರೆ ಇಪ್ಪತ್ತು ತುಂಬುವುದಿಲ್ಲ, ಇನ್ಸೆಂಟಿವಿನ 100 ಕೂಡ ಹೋಗುತ್ತದೆ. ಒಟ್ಟು 172. ಗಾಡಿ ಓಡುವುದು ಒಂಬತ್ತು ಕಿಲೋಮೀಟರ್, 27 ತೆಗಿ. 145 ಉಳಿಯಿತು, ಮೂರೂವರೆ ತಾಸಿಗೆ. ತಾಸಿಗೆ 41! ಅವನ ದಿನದ ಸರಾಸರಿಗಿಂತ ಹೆಚ್ಚು. ಖಾಲಿ ಕುಂತ ಹೊತ್ತು ಅಂತ ಯಾವುದನ್ನು ಬೈಯುತ್ತಿದ್ದನೋ, ಆ ಹೊತ್ತನ್ನೇ ನೂರು ರೂಪಾಯಿಯ ಹಗ್ಗದಿಂದ ಕಟ್ಟಿ ಹಾಕಿದ್ದಾರೆ. ಇನ್ಸೆಂಟಿವ್ ಅನ್ನೋದು ಬಹುಮಾನ ಅಂತ ಅಂದುಕೊಂಡಿದ್ದೆವು. ಅದು ಕಾಯುವ ಕೂಲಿ, ಹೆಸರು ಬೇರೆ. ಹತ್ತೊಂಬತ್ತಕ್ಕೆ ನಿಂತ ದಿನ ಆ ಕೂಲಿಯೂ ಇಲ್ಲ. ಕಾದದ್ದು ಮಾತ್ರ ಕಾದದ್ದೇ.

ಮಗಳು ಅಂದಳು: "ಕಾದಿದ್ದಕ್ಕೂ ರೊಕ್ಕ ಕೊಡಬೇಕು ಅಂತ ಕಾನೂನಿಲ್ಲೇನು?"

ಒಂದು ಊರಲ್ಲಿದೆ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 2023ರಿಂದ ಊಟ ಹಂಚುವವರಿಗೆ ಕನಿಷ್ಠ ದರ ಗೊತ್ತು ಮಾಡಿದರು, ಶುರುವಿಗೆ ತಾಸಿಗೆ 17.96 ಡಾಲರು. ಆ ಲೆಕ್ಕದಲ್ಲಿ ಆರ್ಡರಿಗೆ ಕಾಯುವ ಹೊತ್ತನ್ನೂ ಹಿಡಿದಿದ್ದಾರೆ. ನಮ್ಮಲ್ಲಿ 2025ರಲ್ಲಿ ಕರ್ನಾಟಕ ಸರ್ಕಾರ ಗಿಗ್ ಕೆಲಸಗಾರರಿಗೆ ಅಂತಲೇ ಕಾನೂನು ತಂದಿದೆ. ಪ್ರತಿ ವಹಿವಾಟಿನಲ್ಲೂ ಕೆಲಸಗಾರನಿಗೆ ಕೊಡುವ ರೊಕ್ಕದ ಶೇಕಡಾ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು, ಕಟಾವು ಮಾಡಿದರೆ ಯಾಕೆ ಅಂತ ಹೇಳಬೇಕು. ಅದಕ್ಕೂ ಮೊದಲು ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಒಟ್ಟು 4 ಲಕ್ಷ ಸಿಗುವ ವಿಮೆ ಬಂದಿತ್ತು. ಬಿದ್ದವನಿಗೆ ಇದು ಆಸರೆ. ಆದರೆ ಕಾಯುವ ತಾಸಿಗೆ ಇಷ್ಟು ಅನ್ನುವ ದರ ಆ ಕಾನೂನಿನಲ್ಲಿ ಇಲ್ಲ. ಪಟ್ಟಿಯಲ್ಲಿ ಕಾಣುವ ಕಟಾವನ್ನು ಅದು ಕೇಳುತ್ತದೆ, ಸೂಟನ್ನು ಮುಟ್ಟುವುದಿಲ್ಲ.

"ಮಾಮಾ, ನಿಮ್ಮ ಪಗಾರಿನಾಗ ಸೂಟು ಎಷ್ಟಿತ್ತು?" ಕಿರಿಯವ ಸುಮ್ಮನೆ ಕೇಳಿದ. ಸೇಡಿಗೆ ಕೇಳಿದ ಅಂತ ನನಗೇನೂ ಅನ್ನಿಸಲಿಲ್ಲ.

ನಾನು ಉತ್ತರ ಹೇಳಲಿಕ್ಕೆ ಬಾಯಿ ತೆರೆದು ಹಾಗೇ ನಿಂತೆ. ಮಳೆಗಾಲದ ಮೂರು ತಿಂಗಳು ಗಂಜಿನಲ್ಲಿ ಹತ್ತಿ ಇರುತ್ತಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಹೋಗಿ ಗಾದಿ ಜಾಡಿಸಿ, ಲೋಡಿಗೆ ಒರಗಿ, ನೊಣ ಹೊಡೆಯುತ್ತ ಕುಂತಿರುತ್ತಿದ್ದೆ. ಎರಡು ಸಲ ಚಾ, ಒಂದು ಸಲ ತೂಕಡಿಕೆ. ತಿಂಗಳ ಮೊದಲ ತಾರೀಕು ಪಗಾರ ಬರುತ್ತಿತ್ತು, ಸುಗ್ಗಿಯಲ್ಲಿ ಎಷ್ಟೋ ಅಷ್ಟೇ. ನನ್ನ ಖಾಲಿ ಹೊತ್ತಿನ ಭಾರ ಸಾಹುಕಾರನ ತಲೆಯ ಮೇಲಿತ್ತು. ರೈತರ ಸೂಟು ಬರೆದುಕೊಂಡು ಕುಂತಿದ್ದ ನನಗೇ ಸೂಟು ಇರಲಿಲ್ಲ. ಮೊನ್ನೆ ತನಕ ಈ ಹುಡುಗನಿಗೆ "ಗಿಡದ ಕೆಳಗ ಮೊಬೈಲ್ ಒತ್ಕೋತ ಕುಂದರ್ತೀ, ಮೈ ಬಗ್ಗಿಸಿ ದುಡಿ" ಅಂತ ಬುದ್ಧಿ ಹೇಳಿದ್ದೂ ನೆನಪಾಯಿತು.

"ನನ್ನ ಪಟ್ಟಿ ಹೊಟ್ಟಿ ತುಂಬಿತ್ತಪ್ಪ" ಅಂದೆ. ಅದಕ್ಕಿಂತ ಹೆಚ್ಚಿಗೆ ಹೇಳಲಿಕ್ಕೆ ಆಗಲಿಲ್ಲ.

ಹನ್ನೊಂದಾಗುತ್ತ ಬಂದಿತ್ತು. ಕಿರಿಯವ ಗಾಡಿಯ ಬಳಿ ಬಗ್ಗಿ, ಮೀಟರಿನಲ್ಲಿದ್ದ ಅಂಕಿಯನ್ನು ಅದೇ ಕ್ಯಾಲೆಂಡರ್ ಹಾಳೆಯ ಮೂಲೆಯಲ್ಲಿ ಬರೆದುಕೊಂಡು ಜೇಬಿಗಿಟ್ಟ. ರಾತ್ರಿ ಬಂದು ಮತ್ತೆ ನೋಡುತ್ತೇನೆ ಅಂದ. ಕಿಕ್ ಹೊಡೆದ. ಧೂಳು ಬೇಲಿಯ ಮೇಲೆ ಕುಂತಿತು.

ಅಕ್ಕ ಖಾಲಿ ಲೋಟ ತೆಗೆದುಕೊಳ್ಳಲಿಕ್ಕೆ ಕೈ ಚಾಚಿದಳು. "ಎರಡೂವರಿ ತಾಸು ನಿಂತು ಲೆಕ್ಕ ಹಾಕಿದ್ರಲ್ಲ ಅಣ್ಣ, ನಿಮಗೇನು ಗಿಟ್ತು?"

"ಎರಡು ಚಾ, ಒಂದು ಸಜ್ಜಿ ರೊಟ್ಟಿ."

"ಅದ್ರಾಗ ಒಂದು ಚಾ ನೀವೇ ಮನಿಯಿಂದ ತಂದಿದ್ದು" ಅಂದಳು.